ದೀಪದ ಮೀನು ಬೇರೆ, ತಳದ ಮೀನು ಬೇರೆ

ಇವತ್ತು ಶುರು ಮಾಡೋಕೆ ಮುಂಚೆ ಒಂದು ತಪ್ಪೊಪ್ಪಿಗೆ ಇದೆ. ಎರಡು ವಾರದ ಹಿಂದಿನ ಎಪಿಸೋಡ್‌ನಲ್ಲಿ ನಾನು ಭಾರೀ ಜೋಶ್‌ನಲ್ಲಿ, "ಎಂಟು ಸಾವಿರ ಮೀಟರ್ ಆಳದ ಕತ್ತಲಲ್ಲಿ ತಲೆ ಮೇಲೆ ದೀಪ ಹೊತ್ಕೊಂಡ ಮೀನುಗಳು ಓಡಾಡ್ತಿರ್ತವೆ" ಅಂತ ಹೇಳಿಬಿಟ್ಟಿದ್ದೆ. ಮಾರನೇ ದಿನ ಮಲ್ಪೆ ಕಡೆಯ ಕೇಳುಗರೊಬ್ಬರಿಂದ ವಾಯ್ಸ್ ನೋಟ್ ಬಂತು. "ಅಣ್ಣಾ, ದೀಪ ಇರುವ ಮೀನು ಅಷ್ಟು ಕೆಳಗೆ ಹೋಗ್ತದಾ? ಮತ್ತೆ ಅಷ್ಟು ಒತ್ತಡಕ್ಕೆ ಅದು ಅಪ್ಪಚ್ಚಿ ಆಗುದಿಲ್ವಾ?"

ಸರಿಯಾದ ಪ್ರಶ್ನೆ. ಉತ್ತರ ಹುಡುಕ್ತಾ ಹೋದಾಗ ಗೊತ್ತಾಗಿದ್ದು, ನಾನು ಎರಡು ಬೇರೆ ಬೇರೆ ಮೀನುಗಳ ಕಥೆಯನ್ನ ಕಲಸಿ ಒಂದೇ ಮೀನು ಮಾಡಿದ್ದೆ ಅಂತ. ತಲೆ ಮೇಲೆ ದೀಪ ಇರೋ ಆಂಗ್ಲರ್‌ಫಿಶ್‌ಗಳಲ್ಲಿ ಹೆಚ್ಚಿನವು ಮೂರು ಸಾವಿರ ಮೀಟರ್ ಒಳಗೇ ಇರೋದು. ಎಂಟು ಸಾವಿರ ಮೀಟರ್‌ನಲ್ಲಿರೋ ಮೀನಿಗೆ ದೀಪಾನೇ ಇಲ್ಲ. ಹಾಗಾಗಿ ಇವತ್ತು ಎರಡನ್ನೂ ಬಿಡಿಸಿ ಹೇಳ್ತೀನಿ. ನಾನು ಬಿ.ಕಾಂ. ಓದಿದವನು, ಬಯಾಲಜಿ ಅಲ್ಲ. ಆದ್ರೆ ಆಶ್ಚರ್ಯ ಏನಂದ್ರೆ, ಎರಡೂ ಕಥೆಗಳು ಕೊನೆಗೆ ಬಂದು ನಿಲ್ಲೋದು ಲೆಕ್ಕದ ಪುಸ್ತಕದಲ್ಲೇ. ಏನು ಖರೀದಿ ಮಾಡ್ತು, ಅದಕ್ಕೆ ಏನು ಬೆಲೆ ಕಟ್ತು, ಅಷ್ಟೇ.

ಮೊದಲು ಬೆಳಕು.

ನಮ್ಮ ಮಿಂಚುಹುಳ ಹೆಂಗೆ ಮಿನುಗುತ್ತೋ, ಸಮುದ್ರದ ಮೀನುಗಳೂ ಹೆಚ್ಚುಕಡಿಮೆ ಅದೇ ತತ್ವದಲ್ಲಿ ಮಿನುಗ್ತವೆ. ಲೂಸಿಫೆರಿನ್ ಅನ್ನೋ ಒಂದು ಪದಾರ್ಥ ಇರುತ್ತೆ. ಅದು ಆಕ್ಸಿಜನ್ ಜೊತೆ ಸೇರಿದಾಗ ಬೆಳಕು ಹೊರಬರುತ್ತೆ. ಸುಮ್ಮನೆ ಬಿಟ್ರೆ ಈ ಕೆಲಸ ತುಂಬಾ ನಿಧಾನ. ಅದನ್ನ ಜೋರಾಗಿ ನಡೆಸೋಕೆ ಲೂಸಿಫೆರೇಸ್ ಅನ್ನೋ ಕಿಣ್ವ ಬೇಕು. ಲೂಸಿಫೆರಿನ್ ಅಂದ್ರೆ ಎಣ್ಣೆ, ಲೂಸಿಫೆರೇಸ್ ಅಂದ್ರೆ ಬೆಂಕಿಕಡ್ಡಿ ಅಂದ್ಕೊಳ್ಳಿ. ವ್ಯತ್ಯಾಸ ಇಷ್ಟೇ, ಈ ದೀಪ ಬಿಸಿ ಆಗಲ್ಲ. ಬಣ್ಣ ಹೆಚ್ಚಾಗಿ ನೀಲಿ, ಯಾಕಂದ್ರೆ ಸಮುದ್ರದ ನೀರಲ್ಲಿ ಅತಿ ದೂರ ಹೋಗೋದು ನೀಲಿ ಬೆಳಕೇ.

"ಮೀನು ತನ್ನದೇ ಬೆಳಕು ತಯಾರಿಸುತ್ತೆ" ಅಂತ ಎಲ್ಲಾ ಕಡೆ ಬರೀತಾರಲ್ಲ, ಅಲ್ಲೇ ನಂಗೆ ಒಂದು ಅನುಮಾನ ಬಂದಿದ್ದು. ಬೆಂಕಿಕಡ್ಡಿ ಮನೆಯದ್ದೇ ಇರಬಹುದು, ಎಣ್ಣೆ ಎಲ್ಲಿಂದ ಬರುತ್ತೆ?

ಇದಕ್ಕೆ ಒಳ್ಳೇ ಉತ್ತರ ಕೊಡೋದು ಮಿಡ್‌ಶಿಪ್‌ಮನ್ ಅನ್ನೋ ಮೀನು. ಇದು ಮಹಾ ಆಳದ ಮೀನೇನಲ್ಲ. ಮೊಟ್ಟೆ ಇಡೋಕೆ ದಡದ ಕಲ್ಲುಗಳ ತನಕಾನೂ ಬರುತ್ತೆ. ಆದ್ರೆ ಬೆಳಕಿನ ಲೆಕ್ಕ ಸಿಕ್ಕಿಬಿದ್ದಿದ್ದು ಇದರ ಹತ್ತಿರಾನೇ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲೋಣ. ಇದರ ಹೊಟ್ಟೆ ಮತ್ತು ಪಕ್ಕದಲ್ಲಿ ನೂರಾರು ಪುಟ್ಟ ಬೆಳಕಿನ ಅಂಗಗಳು ಸಾಲಾಗಿ ಇರ್ತವೆ, ನೌಕಾಪಡೆಯವರ ಕೋಟಿನ ಗುಂಡಿಗಳ ಥರ. ಆ ಹೆಸರು ಬಂದಿದ್ದೇ ಅದರಿಂದ. ಅಮೆರಿಕದ ಪಶ್ಚಿಮ ಕರಾವಳಿ ಉದ್ದಕ್ಕೂ ಸಿಗುತ್ತೆ. ಕ್ಯಾಲಿಫೋರ್ನಿಯಾ ಕಡೆ ಹಿಡಿದ ಮೀನು ಬೆಳಗುತ್ತೆ. ಅದೇ ಜಾತಿಯ ಮೀನನ್ನ ಉತ್ತರಕ್ಕೆ, ಸಿಯಾಟಲ್ ಪಕ್ಕದ ಪ್ಯೂಜೆಟ್ ಸೌಂಡ್‌ನಲ್ಲಿ ಹಿಡಿದ್ರೆ ಬೆಳಗಲ್ಲ. ಗುಂಡಿಗಳೆಲ್ಲ ಜಾಗದಲ್ಲೇ ಇವೆ, ನೋಡೋಕೆ ಏನೂ ಫರಕಿಲ್ಲ. ಆದ್ರೆ ಎಷ್ಟು ಕೆರಳಿಸಿದ್ರೂ ಕತ್ತಲೆ.

ಮನೆಯಲ್ಲಿ ಬಲ್ಬ್ ಹತ್ತಲಿಲ್ಲ ಅಂದ್ರೆ ನಾವೇನು ಮಾಡ್ತೀವಿ? ಬಲ್ಬ್ ಹೋಗಿದ್ಯಾ, ಕರೆಂಟ್ ಇಲ್ವಾ ಅಂತ ಒಂದೊಂದಾಗಿ ನೋಡ್ತೀವಿ. ವಿಜ್ಞಾನಿಗಳೂ ಅದನ್ನೇ ಮಾಡಿದ್ರು. ಬೆಳಗದ ಪ್ಯೂಜೆಟ್ ಸೌಂಡ್ ಮೀನಿಗೆ ಹೊರಗಿಂದ ಲೂಸಿಫೆರಿನ್ ಕೊಟ್ರು. ಮೀನು ಬೆಳಗೋಕೆ ಶುರು ಮಾಡ್ತು! ಅಂದ್ರೆ ಕಿಣ್ವ ಇತ್ತು, ಅಂಗ ಇತ್ತು, ಎಣ್ಣೆ ಮಾತ್ರ ಖಾಲಿ. ಇನ್ನೊಂದು ದಾರಿಯಲ್ಲೂ ನೋಡಿದ್ರು. ಆಸ್ಟ್ರಕಾಡ್ ಅಂತ ಎಳ್ಳುಕಾಳಿನಷ್ಟು ದೊಡ್ಡ ಒಂದು ಚಿಪ್ಪಿನ ಜೀವಿ ಇದೆ, ಅದರಲ್ಲೂ ಇದೇ ಲೂಸಿಫೆರಿನ್ ಇರುತ್ತೆ. ಅದನ್ನ ತಿನ್ನಿಸಿದ್ರೂ ಮೀನು ಬೆಳಗಿತು. ಕ್ಯಾಲಿಫೋರ್ನಿಯಾ ಕಡೆಯ ನೀರಲ್ಲಿ ಈ ಆಸ್ಟ್ರಕಾಡ್ ಇದೆ, ಪ್ಯೂಜೆಟ್ ಸೌಂಡ್‌ನಲ್ಲಿ ಇಲ್ಲ. ಅಷ್ಟೇ ಕಥೆ. ಊಟದಲ್ಲಿ ಬರಲಿಲ್ಲ, ದೀಪ ಹತ್ತಲಿಲ್ಲ.

ಇನ್ನೂ ಆಳದಲ್ಲಿರೋ ಲ್ಯಾಂಟರ್ನ್‌ಫಿಶ್, ಡ್ರ್ಯಾಗನ್‌ಫಿಶ್ ಥರದ ಮೀನುಗಳು ಬಳಸೋದು ಬೇರೆ ಲೂಸಿಫೆರಿನ್, ಅದರ ಹೆಸರು ಸೀಲೆಂಟೆರಜೀನ್. ಅದನ್ನ ಕೆಲವು ಸಣ್ಣ ಸಿಗಡಿಯಂಥ ಜೀವಿಗಳು, ಲೋಳೆಮೀನಿನ ಥರದ ಜೀವಿಗಳು ತಯಾರಿಸ್ತವೆ. ಅದನ್ನ ತಿಂದವರನ್ನ ಇನ್ನೊಬ್ಬರು ತಿಂದು, ಹೀಗೆ ಕೈಯಿಂದ ಕೈಗೆ ದಾಟ್ಕೊಂಡು ಮೀನಿಗೆ ತಲುಪುತ್ತೆ. ಕಾಮರ್ಸ್ ಭಾಷೆಯಲ್ಲಿ ಹೇಳೋದಾದ್ರೆ ಫ್ಯಾಕ್ಟರಿ ಸ್ವಂತದ್ದು, ಕಚ್ಚಾ ಮಾಲು ಪೂರ್ತಿ ಆಮದು.

ಆಂಗ್ಲರ್‌ಫಿಶ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಫ್ಯಾಕ್ಟರೀನೂ ಬಾಡಿಗೆಗೆ ತಗೊಂಡಿದೆ. ತಲೆ ಮೇಲಿನ ಆ ಗುಂಡಿನ ಒಳಗೆ ಬೆಳಗೋ ಬ್ಯಾಕ್ಟೀರಿಯಾ ವಾಸ ಮಾಡ್ತವೆ. ಮೀನು ಅವಕ್ಕೆ ಅನ್ನ, ಮನೆ ಕೊಡುತ್ತೆ. ಅವು ಬೆಳಕು ಕೊಡ್ತವೆ. ಮರಿಯಾಗಿದ್ದಾಗ ಈ ಬ್ಯಾಕ್ಟೀರಿಯಾ ಇರಲ್ಲ, ಬೆಳೀತಾ ಸುತ್ತಲಿನ ನೀರಿಂದ ಸೇರಿಸ್ಕೊಳ್ಳುತ್ತೆ. ದೀಪ ಇರೋದು ಹೆಣ್ಣು ಮೀನಿಗೆ ಮಾತ್ರ.

ಇಷ್ಟೆಲ್ಲ ಖರ್ಚು ಮಾಡಿ ಕತ್ತಲಲ್ಲಿ ಬೆಳಗೋದು ಯಾಕೆ? ಬೇಟೆ ಕರೆಯೋಕೆ ಅಂತ ನಾವೆಲ್ಲ ಅಂದ್ಕೊಂಡಿರ್ತೀವಿ. ಆಂಗ್ಲರ್‌ಫಿಶ್ ವಿಷಯದಲ್ಲಿ ಅದು ಸರಿ. ಆದ್ರೆ 200ರಿಂದ 1,000 ಮೀಟರ್ ಆಳದ ಎಷ್ಟೋ ಮೀನುಗಳು ಬೆಳಗೋದು ಕಾಣಿಸ್ಕೊಳ್ಳೋಕಲ್ಲ, ಕಾಣದೇ ಇರೋಕೆ. ಹೌದು, ಸರಿಯಾಗೇ ಕೇಳಿಸ್ಕೊಂಡ್ರಿ. ಆ ಆಳದಲ್ಲಿ ಮೇಲಿಂದ ಸೂರ್ಯನ ಬೆಳಕು ಮಸುಕಾಗಿ, ನೀಲಿಯಾಗಿ ಇಳೀತಿರುತ್ತೆ. ಕೆಳಗಿಂದ ತಲೆ ಎತ್ತಿ ನೋಡೋ ಬೇಟೆಗಾರನಿಗೆ ಮೇಲಿರೋ ಮೀನು ಕಪ್ಪು ನೆರಳಾಗಿ ಕಾಣುತ್ತೆ, ಸಂಜೆ ಆಕಾಶದಲ್ಲಿ ಕಾಗೆ ಕಂಡ ಹಾಗೆ. ಈಗ ಆ ಮೀನು ತನ್ನ ಹೊಟ್ಟೆ ಅಡಿಯ ದೀಪಗಳನ್ನ ಮೇಲಿಂದ ಬರ್ತಿರೋ ಬೆಳಕಿನಷ್ಟೇ ಮಂದವಾಗಿ ಹಚ್ಚಿದ್ರೆ ಏನಾಗುತ್ತೆ? ನೆರಳು ಮಾಯ. ಹ್ಯಾಚೆಟ್‌ಫಿಶ್ ಅನ್ನೋ ತೆಳ್ಳಗಿನ ಬೆಳ್ಳಿ ಬಣ್ಣದ ಮೀನು ಇದರಲ್ಲಿ ನಿಪುಣ. ಲೆಕ್ಕ ತಪ್ಪೋ ಹಾಗಿಲ್ಲ ಮತ್ತೆ. ಕಮ್ಮಿ ಹಚ್ಚಿದ್ರೆ ನೆರಳು ಕಾಣುತ್ತೆ, ಜಾಸ್ತಿ ಹಚ್ಚಿದ್ರೆ ಹೊಳೆಯೋ ಮೀನು ಕಾಣುತ್ತೆ. ಎರಡರಲ್ಲೂ ಪ್ರಾಣ ಹೋಗೋದೇ.

ನಂಗೆ ಅತಿ ಇಷ್ಟವಾಗಿದ್ದು ಮಾತ್ರ ಮಲಕೋಸ್ಟಿಯಸ್ ಅನ್ನೋ ಕಪ್ಪು ಮೀನು. ಆಳದ ಮೀನುಗಳಲ್ಲಿ ಹೆಚ್ಚಿನವಕ್ಕೆ ನೀಲಿ ಬೆಳಕು ಮಾತ್ರ ಕಾಣುತ್ತೆ. ಕೆಂಪು ಅಲ್ಲಿ ತನಕ ಇಳಿಯೋದೇ ಇಲ್ಲ ಅಂದ್ಮೇಲೆ ಕೆಂಪು ನೋಡೋ ಕಣ್ಣು ಯಾಕೆ ಬೇಕು? ಈ ಮಲಕೋಸ್ಟಿಯಸ್ ಕಣ್ಣಿನ ಕೆಳಗೆ ಕೆಂಪು ಟಾರ್ಚ್ ಇಟ್ಕೊಂಡಿದೆ. ಎದುರಿಗಿರೋ ಸಿಗಡಿ ಮೇಲೆ ಕೆಂಪು ಬೆಳಕು ಬಿದ್ರೂ ಸಿಗಡಿಗೆ ಅದು ಕಾಣಲ್ಲ. ಹಾಗಾದ್ರೆ ಮಲಕೋಸ್ಟಿಯಸ್‌ಗೆ ಹೇಗೆ ಕಾಣುತ್ತೆ? 1998ರಲ್ಲಿ ಪ್ರಕಟವಾದ ಸಂಶೋಧನೆ ಪ್ರಕಾರ ಅದರ ಕಣ್ಣಿನ ಒಳಪದರದಲ್ಲಿ ಕ್ಲೋರೋಫಿಲ್‌ಗೆ ಸಂಬಂಧಪಟ್ಟ ಒಂದು ವರ್ಣದ್ರವ್ಯ ಇದೆ. ಎಲೆಗಳಿಗೆ ಹಸಿರು ಬಣ್ಣ ಕೊಡೋ ಕ್ಲೋರೋಫಿಲ್ ಇದೆಯಲ್ಲ, ಅದೇ ಕುಟುಂಬದ್ದು! ಅದು ಕೆಂಪು ಬೆಳಕನ್ನ ಹಿಡಿದು, ಕಣ್ಣು ಗ್ರಹಿಸೋ ಹಾಗೆ ದಾಟಿಸುತ್ತೆ. ಯಾವ ಮೀನೂ ಅದನ್ನ ತಾನಾಗಿ ತಯಾರಿಸಲಾರದು, ಅದೂ ಊಟದಿಂದಲೇ ಬರಬೇಕು. ಬಿಸಿಲು ಕಾಣದ ಜಾಗದಲ್ಲಿ ಬಿಸಿಲು ಹೀರೋ ಪದಾರ್ಥ ಕನ್ನಡಕದ ಕೆಲಸ ಮಾಡ್ತಿದೆ. ಇದನ್ನ ಓದಿದ ರಾತ್ರಿ ನಾನು ರೂಮ್‌ಮೇಟ್‌ನ ಎಬ್ಬಿಸಿ ಹೇಳಿ ಬೈಸ್ಕೊಂಡೆ.

ಸರಿ, ಬೆಳಕಿನ ವಿಷಯ ಅಲ್ಲಿಗೆ ಬಿಡೋಣ. ಈಗ ಮಲ್ಪೆಯವರ ಎರಡನೇ ಪ್ರಶ್ನೆ: ಮೀನು ಅಪ್ಪಚ್ಚಿ ಆಗಲ್ವಾ?

ನೀರಲ್ಲಿ ಪ್ರತಿ ಹತ್ತು ಮೀಟರ್ ಇಳಿದ ಹಾಗೆ ಒಂದು ವಾತಾವರಣದಷ್ಟು ಒತ್ತಡ ಸೇರ್ಕೊಳ್ಳುತ್ತೆ. ಎಂಟು ಸಾವಿರ ಮೀಟರ್‌ನಲ್ಲಿ ಸುಮಾರು 800 ಪಟ್ಟು. ಅಂದ್ರೆ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ ಒಂದು ಸಣ್ಣ ಕಾರು ನಿಂತ ಹಾಗೆ. ಆದ್ರೆ ಇಲ್ಲಿ ನಾವು ಸಾಮಾನ್ಯವಾಗಿ ಒಂದು ತಪ್ಪು ಮಾಡ್ತೀವಿ. ಮಂಗಳೂರಿಂದ ಮಡಿಕೇರಿಗೆ ಹೋಗೋವಾಗ ಚಿಪ್ಸ್ ಪ್ಯಾಕೆಟ್ ಉಬ್ಬಿದ್ದು ನೋಡಿರ್ತೀರಿ. ಪಕ್ಕದಲ್ಲಿದ್ದ ನೀರಿನ ಬಾಟಲಿ, ಮೇಲಿನ ತನಕ ತುಂಬಿದ್ರೆ, ಹಾಗೇ ಇರುತ್ತೆ. ಯಾಕಂದ್ರೆ ಒತ್ತಡ ಬದಲಾದಾಗ ಗಾಳಿ ಹಿಗ್ಗುತ್ತೆ, ಕುಗ್ಗುತ್ತೆ. ನೀರು ಹೆಚ್ಚುಕಡಿಮೆ ಹಾಗೇ ಇರುತ್ತೆ. ಎಂಟು ಸಾವಿರ ಮೀಟರ್ ಆಳದಲ್ಲೂ ನೀರು ಕುಗ್ಗೋದು ನೂರಕ್ಕೆ ಮೂರು-ನಾಲ್ಕು ಭಾಗ ಅಷ್ಟೇ. ಆಳದ ಮೀನು ಗಾಳಿ ಇಲ್ಲದ ಬಾಟಲಿ ಇದ್ದ ಹಾಗೆ. ಒಳಗೂ ಅದೇ ಒತ್ತಡ, ಹೊರಗೂ ಅದೇ ಒತ್ತಡ. ಅಪ್ಪಚ್ಚಿ ಆಗೋಕೆ ಒಳಗೆ ಖಾಲಿ ಜಾಗಾನೇ ಇಲ್ಲ.

ಹಾಗಾದ್ರೆ ಸಮಸ್ಯೆ ಮುಗೀತಾ? ಇಲ್ಲ. ನಿಜವಾದ ಹೊಡೆತ ಬೀಳೋದು ಮೂಳೆಗಲ್ಲ, ಪ್ರೋಟೀನ್‌ಗಳಿಗೆ.

ಮೈಯೊಳಗಿನ ಪ್ರೋಟೀನ್ ಅಂದ್ರೆ ಒಂದು ಉದ್ದ ದಾರ, ನಿಖರವಾಗಿ ಮಡಚಿಟ್ಟಿದ್ದು. ಆ ಮಡಿಕೆಯ ಆಕಾರದಿಂದಲೇ ಅದು ಕೆಲಸ ಮಾಡೋದು. ಸ್ನಾಯು ಎಳೆಯೋದು, ಊಟ ಜೀರ್ಣ ಮಾಡೋದು, ಎಲ್ಲಾ ಅದರಿಂದಲೇ. ಕೆಲಸ ಮಾಡುವಾಗ ಅದು ಸ್ವಲ್ಪ ಅರಳಬೇಕು, ಮತ್ತೆ ಮುಚ್ಚಬೇಕು. ವಿಪರೀತ ಒತ್ತಡದಲ್ಲಿ ನೀರಿನ ಕಣಗಳು ಆ ಮಡಿಕೆಗಳ ಸಂದಿಗೆ ನುಗ್ಗಿ ಆಕಾರ ಕೆಡಿಸ್ತವೆ, ಅರಳೋದೂ ಕಷ್ಟವಾಗುತ್ತೆ. ಜೀವಕೋಶದ ಗೋಡೆಯದ್ದು ಇನ್ನೊಂದು ಕಥೆ. ಅದು ಕೊಬ್ಬಿನದ್ದು. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಗಟ್ಟಿ ಆಗುತ್ತಲ್ಲ, ಒತ್ತಡ ಕೊಬ್ಬಿಗೆ ಅದನ್ನೇ ಮಾಡುತ್ತೆ. ಅದಕ್ಕೆ ಆಳದ ಮೀನುಗಳು ಸುಲಭಕ್ಕೆ ಗಟ್ಟಿಯಾಗದ ಜಾತಿಯ ಕೊಬ್ಬನ್ನ ಗೋಡೆಯಲ್ಲಿ ಹೆಚ್ಚಾಗಿ ಇಟ್ಕೊಂಡಿರ್ತವೆ.

ಪ್ರೋಟೀನ್ ಕಾಯೋಕೆ ಇರೋ ಉಪಾಯದ ಹೆಸರು ಟ್ರೈಮಿಥೈಲಮೀನ್ ಆಕ್ಸೈಡ್, ಚಿಕ್ಕದಾಗಿ ಟಿಎಂಎಒ. ಹೆಸರು ಕೇಳಿ ಹೆದರ್ಕೋಬೇಡಿ, ನಿಮ್ಮ ಮೂಗಿಗೆ ಇದರ ಪರಿಚಯ ಆಗಲೇ ಇದೆ. ಮೀನು ಮಾರ್ಕೆಟ್ಟಿಗೆ ಹೋದ್ರೆ ಬರೋ ಆ ವಾಸನೆ? ಸಮುದ್ರದ ಮೀನು ಸತ್ತ ಮೇಲೆ ಅದರ ಮೈಯಲ್ಲಿರೋ ಟಿಎಂಎಒವನ್ನ ಬ್ಯಾಕ್ಟೀರಿಯಾಗಳು ಒಡೆದು ಟ್ರೈಮಿಥೈಲಮೀನ್ ಮಾಡ್ತವೆ. ವಾಸನೆ ಅದರದ್ದು. ಮೀನು ತೊಳೆಯುವಾಗ ನಿಂಬೆ ಅಥವಾ ಹುಣಸೆ ಹುಳಿ ಹಾಕಿದ್ರೆ ವಾಸನೆ ಇಳಿಯೋದೂ ಅದಕ್ಕೇ. ಹುಳಿ ಸೇರಿದಾಗ ಅದು ಗಾಳಿಗೆ ಹಾರದ ರೂಪಕ್ಕೆ ಬರುತ್ತೆ. ಕೆರೆ ಮೀನಲ್ಲಿ ಟಿಎಂಎಒ ತುಂಬಾ ಕಮ್ಮಿ, ಹಾಗಾಗಿ ಅದರ ವಾಸನೆಯೇ ಬೇರೆ. ಈ ಮಾಹಿತಿ ಕಳಿಸಿದಾಗ ಮಲ್ಪೆಯವರ ಉತ್ತರ: "ಹುಳಿ ಹಾಕುದು ಅಮ್ಮನಿಗೆ ಗೊತ್ತುಂಟು, ಆ ಉದ್ದ ಹೆಸರು ಗೊತ್ತಿರ್ಲಿಲ್ಲ."

ಬದುಕಿರೋ ಮೀನಿನಲ್ಲಿ ಈ ಟಿಎಂಎಒ ಏನು ಮಾಡುತ್ತೆ? ಸುತ್ತಲಿನ ನೀರಿನ ಕಣಗಳನ್ನ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ. ನೀರು ನೀರಿಗೇ ಅಂಟ್ಕೊಂಡಿದ್ದಾಗ ಪ್ರೋಟೀನ್ ಸಂದಿಗೆ ನುಗ್ಗೋದು ಕಮ್ಮಿ ಆಗುತ್ತೆ. ಆಳ ಹೆಚ್ಚಿದ ಹಾಗೆ ಮೀನಿನ ಮಾಂಸದಲ್ಲಿ ಟಿಎಂಎಒ ಕೂಡ ಹೆಚ್ತಾ ಹೋಗುತ್ತೆ. ಹಾಗಾದ್ರೆ ಇನ್ನೂ ಹೆಚ್ಚು ತುಂಬಿಸ್ಕೊಂಡು ಸಮುದ್ರದ ಕಟ್ಟಕಡೆಯ ತಳಕ್ಕೇ ಹೋಗಬಹುದಲ್ವಾ?

ಇಲ್ಲೇ ಬೆಲೆ ಕಟ್ಟಬೇಕಾಗೋದು. ಸೌತೆಕಾಯಿ ಹೆಚ್ಚಿ ಉಪ್ಪು ಹಾಕಿಟ್ರೆ ನೀರು ಬಿಡುತ್ತೆ. ನೀರು ಯಾವಾಗಲೂ ಕರಗಿದ ಪದಾರ್ಥ ಹೆಚ್ಚಿರೋ ಕಡೆಗೆ ಹೋಗುತ್ತೆ. ಸಾಮಾನ್ಯ ಸಮುದ್ರದ ಮೀನು ಆ ಸೌತೆಕಾಯಿ ಇದ್ದ ಹಾಗೆ. ಸುತ್ತ ಉಪ್ಪು ನೀರು, ಮೈಯಿಂದ ನೀರು ಸದಾ ಹೊರಗೆ ಹೋಗ್ತಾನೇ ಇರುತ್ತೆ. ಅದಕ್ಕೆ ಮೀನು ಸಮುದ್ರದ ನೀರು ಕುಡಿದು, ಹೆಚ್ಚಿನ ಉಪ್ಪನ್ನ ಕಿವಿರುಗಳಿಂದ ಹೊರಹಾಕುತ್ತೆ. ಅದರ ಇಡೀ ದೇಹ ಈ ಒಂದು ದಿಕ್ಕಿಗೆ ಹೊಂದಿಕೊಂಡಿದೆ. ಟಿಎಂಎಒ ಕೂಡ ಕರಗಿದ ಪದಾರ್ಥವೇ. ಅದನ್ನ ತುಂಬಿಸ್ತಾ ಹೋದ್ರೆ ಒಂದು ಹಂತದಲ್ಲಿ ಒಳಗೂ ಹೊರಗೂ ಸಮ ಆಗುತ್ತೆ. ಅದನ್ನ ದಾಟಿದ್ರೆ ನೀರು ಉಲ್ಟಾ, ಒಳಗೆ ನುಗ್ಗೋಕೆ ಶುರು.

ಆ ಹಂತ ಎಲ್ಲಿದೆ? ಪಾಲ್ ಯಾನ್ಸಿ, ಅಲನ್ ಜೇಮೀಸನ್ ಮತ್ತು ಅವರ ತಂಡ ನ್ಯೂಜಿಲೆಂಡ್‌ನ ಉತ್ತರದ ಕರ್ಮಡೆಕ್ ಕಂದಕದಲ್ಲಿ 7,000 ಮೀಟರ್ ಆಳದಿಂದ ಸ್ನೇಲ್‌ಫಿಶ್ ಹಿಡಿದು ಅಳೆದ್ರು. ಸಮುದ್ರದ ನೀರಲ್ಲಿ ಕರಗಿದ್ದರ ಅಳತೆ ಸುಮಾರು 1,100 ಅಂದ್ಕೊಳ್ಳಿ. ಮೇಲಿನ ಮೀನಿನದ್ದು ಸುಮಾರು 350. ಈ ಸ್ನೇಲ್‌ಫಿಶ್‌ನದ್ದು 991. ಮೇಲಿಂದ ಕೆಳಗಿನ ತನಕ ಮೀನುಗಳ ಅಳತೆ ಗ್ರಾಫ್‌ನಲ್ಲಿ ಇಟ್ಟು ಗೆರೆ ಮುಂದುವರಿಸಿದ್ರೆ, ಅದು ಸಮುದ್ರದ ನೀರಿನ ಗೆರೆಯನ್ನ ಮುಟ್ಟೋದು ಸುಮಾರು 8,200 ಮೀಟರ್ ಹತ್ತಿರ. 2014ರಲ್ಲಿ ಅವರು ಬರೆದಿದ್ದು ಇದನ್ನೇ: ಇದಕ್ಕಿಂತ ತುಂಬಾ ಕೆಳಗೆ ಮೀನು ಸಿಗೋದು ಕಷ್ಟ.

ಭವಿಷ್ಯ ಹೇಳಿದ್ಮೇಲೆ ಪರೀಕ್ಷೆ ಆಗಲೇಬೇಕು. 2017ರಲ್ಲಿ ಜಪಾನಿನವರು ಮರಿಯಾನ ಕಂದಕದಲ್ಲಿ 8,178 ಮೀಟರ್‌ನಲ್ಲಿ ಸ್ನೇಲ್‌ಫಿಶ್ ಚಿತ್ರೀಕರಿಸಿದ್ರು. 2022ರಲ್ಲಿ ಜೇಮೀಸನ್ ತಂಡ ಜಪಾನಿನ ದಕ್ಷಿಣಕ್ಕಿರೋ ಇಜು-ಒಗಸವಾರ ಕಂದಕಕ್ಕೆ ಬೇಕಂತಲೇ ಹೋಯ್ತು. ಯಾಕೆ ಅಲ್ಲೇ ಅಂದ್ರೆ, ಆ ಕಂದಕದ ನೀರು ಉಳಿದ ಕೆಲವು ಕಂದಕಗಳಿಗಿಂತ ಒಂಚೂರು ಬೆಚ್ಚಗೆ. ಕೊಬ್ಬರಿ ಎಣ್ಣೆ ನೆನಪಿಸ್ಕೊಳ್ಳಿ. ಚಳಿಯೂ ಒತ್ತಡವೂ ದೇಹದ ಮೇಲೆ ಒಂದೇ ಥರ ಕೆಲಸ ಮಾಡ್ತವೆ, ಚಳಿ ಸ್ವಲ್ಪ ಕಮ್ಮಿ ಇದ್ರೆ ಒತ್ತಡ ಸ್ವಲ್ಪ ಹೆಚ್ಚು ತಡ್ಕೋಬಹುದು. ಕ್ಯಾಮೆರಾಗೆ ಸಿಕ್ಕಿದ್ದು 8,336 ಮೀಟರ್‌ನಲ್ಲಿ ಒಂದು ಮರಿ ಸ್ನೇಲ್‌ಫಿಶ್. ಇದುವರೆಗೆ ಕಂಡ ಅತಿ ಆಳದ ಮೀನು ಅದೇ. ಎಂಟು ವರ್ಷದ ಹಿಂದೆ ಹಾಕಿದ ಲೆಕ್ಕಕ್ಕಿಂತ ಹೆಚ್ಚು ಅಂದ್ರೂ ನೂರೈವತ್ತು ಮೀಟರ್ ಆಚೆ. ನನ್ನ ತಿಂಗಳ ಬಜೆಟ್ ಯಾವತ್ತೂ ಇಷ್ಟು ಹತ್ತಿರ ಬಂದಿಲ್ಲ.

ಆ ವಿಡಿಯೊ ನೋಡಿದ್ರೆ ನಿಮಗೆ ನಿರಾಸೆ ಆಗಬಹುದು. ರಾಕ್ಷಸನ ಥರ ಹಲ್ಲಿಲ್ಲ, ದೀಪ ಇಲ್ಲ. ತಿಳಿ ಬಣ್ಣದ, ಪುಟ್ಟ, ಮೆತ್ತಗಿನ ಮೀನು. ಮರಿಯಾನ ಕಂದಕದಲ್ಲಿರೋ ಇದರ ಬಂಧುವಿಗೆ ಹುರುಪೆ ಇಲ್ಲ, ತಲೆಬುರುಡೆ ಪೂರ್ತಿ ಗಟ್ಟಿಯಾಗಿಲ್ಲ, ಗಾಳಿಚೀಲಾನೂ ಇಲ್ಲ. ಚರ್ಮದಾಚೆಗೆ ಒಳಗಿನ ಅಂಗಗಳು ಮಸುಕಾಗಿ ಕಾಣ್ತವೆ. ಅಲ್ಲಿಗೆ ಸೂರ್ಯನ ಬೆಳಕು ಬರಲ್ಲ, ಹಾಗಾಗಿ ನೆರಳು ಅಳಿಸ್ಕೊಳ್ಳೋ ಅವಶ್ಯಕತೆ ಇಲ್ಲ. ಅದನ್ನ ತಿನ್ನೋ ದೊಡ್ಡ ಮೀನು ಅಷ್ಟು ಆಳಕ್ಕೆ ಬರಲ್ಲ. ಸಿಗಡಿಯ ದೂರದ ಸಂಬಂಧಿಗಳಾದ ಆಂಫಿಪಾಡ್‌ಗಳು ರಾಶಿ ರಾಶಿ ಸಿಗ್ತವೆ, ಬಾಯಿ ತೆರೆದು ಒಳಗೆ ಎಳ್ಕೊಂಡ್ರೆ ಆಯ್ತು. ಇಂಥ ಜಾಗದಲ್ಲಿ ದೀಪಕ್ಕೆ ಖರ್ಚು ಯಾಕೆ ಮಾಡುತ್ತೆ ಹೇಳಿ?

ಇನ್ನೊಂದು ಪ್ರಶ್ನೆ ಖಂಡಿತ ಬರುತ್ತೆ ಅಂತ ಗೊತ್ತು, ಈಗಲೇ ಹೇಳಿಬಿಡ್ತೀನಿ. 1960ರ ಜನವರಿ 23ರಂದು ಜಾಕ್ ಪಿಕಾರ್ಡ್ ಮತ್ತು ಡಾನ್ ವಾಲ್ಶ್ ಟ್ರಿಯೆಸ್ಟ್ ಅನ್ನೋ ನೌಕೆಯಲ್ಲಿ ಚಾಲೆಂಜರ್ ಡೀಪ್‌ನ ತಳಕ್ಕೆ, ಅಂದ್ರೆ ಸುಮಾರು 10,900 ಮೀಟರ್ ಆಳಕ್ಕೆ, ಇಳಿದ್ರು. ಕಿಟಕಿಯಿಂದ ಚಪ್ಪಟೆ ಮೀನೊಂದನ್ನ ನೋಡಿದೆ ಅಂತ ಪಿಕಾರ್ಡ್ ಹೇಳಿದ್ರು. ಎಷ್ಟೋ ಪುಸ್ತಕಗಳಲ್ಲಿ ಅದು ಹಾಗೇ ಉಳ್ಕೊಂಡಿದೆ. ಆದ್ರೆ ಆಮೇಲೆ ಅಲ್ಲಿಗೆ ಹೋದ ಯಾವ ಕ್ಯಾಮೆರಾಗೂ ಮೀನು ಸಿಕ್ಕಿಲ್ಲ. ಅವರು ಕಂಡಿದ್ದು ಸಮುದ್ರ ಸೌತೆ ಅನ್ನೋ ಜೀವಿ ಇರಬೇಕು ಅಂತ ಈಗಿನವರ ಅಭಿಪ್ರಾಯ. ಟಿಎಂಎಒ ಲೆಕ್ಕ ನೋಡಿದ್ಮೇಲೆ ನಂಗೂ ಹಾಗೇ ಅನ್ಸುತ್ತೆ. ಆ ಆಳದಲ್ಲಿ ಆಂಫಿಪಾಡ್ ಇದೆ, ಸಮುದ್ರ ಸೌತೆ ಇದೆ. ಮೀನು ಇಲ್ಲ.

ಹಳೇ ಎಪಿಸೋಡ್‌ನ ಆ ಸಾಲನ್ನ ಕಟ್ ಮಾಡಿ ಮತ್ತೆ ಅಪ್‌ಲೋಡ್ ಮಾಡಿದ್ದೀನಿ. ಡೌನ್‌ಲೋಡ್ ಮಾಡಿ ಇಟ್ಕೊಂಡಿರೋರು ದಯವಿಟ್ಟು ಹಳೇದನ್ನ ಡಿಲೀಟ್ ಮಾಡಿ. ಮಲ್ಪೆಯವರು ಇವತ್ತು ಬೆಳಿಗ್ಗೆ ಇನ್ನೊಂದು ವಾಯ್ಸ್ ನೋಟ್ ಕಳಿಸಿದ್ದಾರೆ, "ಹಾಗಾದ್ರೆ ತಿಮಿಂಗಿಲಕ್ಕೆ ಶ್ವಾಸಕೋಶದಲ್ಲಿ ಗಾಳಿ ಉಂಟಲ್ಲ, ಅದು ಹೇಗೆ ಸಾವಿರ ಮೀಟರ್ ಮುಳುಗ್ತದೆ?" ಅಂತ. ಮುಂದಿನ ವಾರ ಅದನ್ನೇ ತಗೊಳ್ತೀನಿ.